ಹದಿನೈದು ನಿಮಿಷದ ಒಂದು ಕ್ಯಾಂಡಲ್

ತಂಗಿಯ ಮಗ ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿ ಇಂದಿರಾನಗರಕ್ಕೆ ಕೆಲಸಕ್ಕೆ ಹೋಗುವ ಹುಡುಗ. ಡಿಮ್ಯಾಟ್ ಖಾತೆ ತೆರೆದು ಇನ್ನೂ ತಿಂಗಳಾಗಿಲ್ಲ. ಮೊನ್ನೆ ಬೆಳಿಗ್ಗೆ ಹತ್ತೂವರೆ ದಾಟಿದ ಮೇಲೆ, ಬಹುಶಃ ಬೆನ್ನಿಗಾನಹಳ್ಳಿಯ ಹತ್ತಿರದಿಂದ, ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಜೊತೆಗೆ ಒಂದು ಸಾಲು: ‘ಮಾವ, ಬೆಳಿಗ್ಗೆ 428ಕ್ಕೆ ಹೋಗಿತ್ತು, ಈಗ 411ಕ್ಕೆ ಸಿಗ್ತಿದೆ. ತಗೊಳ್ಳಲಾ?’

ಚಿತ್ರದಲ್ಲಿ ಕೆಂಪು, ಹಸಿರು ಕಡ್ಡಿಗಳು ಸಾಲಾಗಿ ನಿಂತಿದ್ದವು, ಅವುಗಳ ಕೆಳಗೆ ಗಿಡ್ಡನೆಯ ಕಂಬಗಳು. ಆದರೆ ಮೇಲಿನ ಎಡಮೂಲೆಯನ್ನು ಕತ್ತರಿಸಿ ಕಳಿಸಿದ್ದ. ಚಾರ್ಟಿನಲ್ಲಿ ಮೊದಲು ಓದಬೇಕಾದದ್ದೇ ಆ ಮೂಲೆ. ಇಡೀ ಚಿತ್ರ ಕಳಿಸು ಎಂದೆ. ಬಂತು. ಕಂಪನಿಯ ಹೆಸರು ಇಲ್ಲಿ ಬೇಡ. ಅಂಕಿಗಳನ್ನೂ ಲೆಕ್ಕಕ್ಕೆ ಸುಲಭವಾಗಲೆಂದು ಸ್ವಲ್ಪ ದುಂಡಾಗಿಸಿದ್ದೇನೆ. ದಿನದ ಮೊದಲ ಕ್ಯಾಂಡಲ್ ಮೇಲೆ ಬೆರಳಿಟ್ಟಾಗ ಮೂಲೆಯಲ್ಲಿ ಕಾಣುವ ಸಾಲು ಹೀಗಿತ್ತು:

```
15m · NSE
O 412.00  H 428.50  L 409.20  C 411.30
Vol 1.84M
```

`15m` ಎಂದರೆ ಒಂದೊಂದು ಕ್ಯಾಂಡಲೂ ಹದಿನೈದು ನಿಮಿಷದ ವ್ಯಾಪಾರ. ನಮ್ಮ ಷೇರುಪೇಟೆ 9:15ಕ್ಕೆ ತೆರೆದು 3:30ಕ್ಕೆ ಮುಚ್ಚುತ್ತದೆ, ಒಟ್ಟು 375 ನಿಮಿಷ. ಹಾಗಾಗಿ ಹದಿನೈದು ನಿಮಿಷದ ಚಾರ್ಟಿನಲ್ಲಿ ದಿನಕ್ಕೆ 25 ಕ್ಯಾಂಡಲ್, ಐದು ನಿಮಿಷದ್ದರಲ್ಲಿ 75. ಅದೇ ಚಾರ್ಟಿನಲ್ಲಿ `1D` ಒತ್ತಿದರೆ ಇಡೀ ದಿನಕ್ಕೆ ಒಂದೇ ಕ್ಯಾಂಡಲ್. ನೋಡುವ ಕಣ್ಣಿಗೆ ಎಲ್ಲವೂ ಒಂದೇ ಥರ. ಹದಿನೈದು ನಿಮಿಷದ ಏರಿಳಿತವನ್ನು ಮೂರು ತಿಂಗಳ ಕಥೆ ಎಂದುಕೊಂಡು ದುಡ್ಡು ಹಾಕಿದವರನ್ನು ನಾನು ನೋಡಿದ್ದೇನೆ. ಪಕ್ಕದಲ್ಲಿರುವ `NSE` ಕೂಡ ಮುಖ್ಯ. ಒಂದೇ ಕಂಪನಿಯ ಷೇರು ಎನ್‌ಎಸ್‌ಇ, ಬಿಎಸ್‌ಇ ಎರಡರಲ್ಲೂ ನಡೆಯುತ್ತದೆ, ಆದರೆ ವಾಲ್ಯೂಮ್ ಆಯಾ ಪೇಟೆಯದು ಮಾತ್ರ. ಸಾಮಾನ್ಯವಾಗಿ ಹೆಚ್ಚಿನ ವ್ಯಾಪಾರ ಎನ್‌ಎಸ್‌ಇಯಲ್ಲೇ ಆಗುವುದರಿಂದ, ಬಿಎಸ್‌ಇ ಚಾರ್ಟ್ ತೆರೆದುಕೊಂಡು ‘ಈ ಷೇರಿಗೆ ಗಿರಾಕಿಯೇ ಇಲ್ಲ’ ಎಂದುಕೊಳ್ಳುವುದುಂಟು.

ಈಗ ಆ ನಾಲ್ಕು ಬೆಲೆಗಳಿಗೆ ಬರೋಣ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಬೀನ್ಸ್ ಮಾರುವವರ ಪಕ್ಕ ಬೆಳಗಿನಿಂದ ನಿಂತಿದ್ದೀರಿ ಎಂದುಕೊಳ್ಳಿ. ಬೋಣಿ ಆದದ್ದು ಕೆಜಿಗೆ 60ಕ್ಕೆ. ನಡುವೆ ಒಮ್ಮೆ 80 ಮುಟ್ಟಿತು, ಇನ್ನೊಮ್ಮೆ 50ಕ್ಕೆ ಇಳಿಯಿತು, ಅಂಗಡಿ ಮುಚ್ಚುವಾಗ 55. ಬೋಣಿಯ ಬೆಲೆ `O`, ಮುಟ್ಟಿದ ಮೇಲಿನ ಬೆಲೆ `H`, ಕೆಳಗಿನದು `L`, ಕೊನೆಯದು `C`. ಬೋಣಿ ಮತ್ತು ಕೊನೆಯ ಬೆಲೆಗಳ ನಡುವಿನ ಭಾಗವನ್ನು ದಪ್ಪಗೆ ಬರೆಯುತ್ತಾರೆ, ಅದು ಕ್ಯಾಂಡಲಿನ ಒಡಲು. ಅದರಿಂದ ಮೇಲಕ್ಕೂ ಕೆಳಕ್ಕೂ ಚಾಚುವ ತೆಳು ಗೆರೆ ಬತ್ತಿ. ಮೇಲಿನ ಬತ್ತಿಯ ತುದಿ ಗರಿಷ್ಠ ಬೆಲೆ, ಕೆಳಗಿನದರ ತುದಿ ಕನಿಷ್ಠ ಬೆಲೆ. ಬೋಣಿಗಿಂತ ಕೊನೆಯ ಬೆಲೆ ಮೇಲಿದ್ದರೆ ಒಡಲು ಹಸಿರು, ಕೆಳಗಿದ್ದರೆ ಕೆಂಪು.

ಹುಡುಗನ ಕ್ಯಾಂಡಲನ್ನು ಇದೇ ಲೆಕ್ಕದಲ್ಲಿ ನೋಡಿ. 412ರಲ್ಲಿ ಶುರುವಾಗಿ 411.30ರಲ್ಲಿ ಮುಗಿದಿದೆ. ಒಡಲು ಬರೀ 70 ಪೈಸೆ, ಬೆಂಕಿಕಡ್ಡಿಯನ್ನು ಅಡ್ಡ ಇಟ್ಟಷ್ಟು ತೆಳು. ಮೇಲಿನ ಬತ್ತಿ ಮಾತ್ರ 16 ರೂಪಾಯಿ 50 ಪೈಸೆ ಉದ್ದ, ಕೆಳಗಿನದು 2 ರೂಪಾಯಿ 10 ಪೈಸೆ. ಬೆಲೆ ಹದಿನಾರು ರೂಪಾಯಿ ಹತ್ತಿ, ಆ ಹದಿನೈದು ನಿಮಿಷ ಮುಗಿಯುವುದರೊಳಗೆ ಹತ್ತಿದ್ದನ್ನೆಲ್ಲ ಬಿಟ್ಟುಕೊಟ್ಟಿದೆ. ಹುಡುಗನ ಕಣ್ಣಿಗೆ ಬಿದ್ದದ್ದು ಬತ್ತಿಯ ತುದಿಯ 428. ಆ ಬೆಲೆಗೆ ಹೋದದ್ದು ಮತ್ತೆ ಹೋಗಬಹುದು ಎಂಬುದು ಅವನ ಲೆಕ್ಕ.

ಗರಿಷ್ಠ ಬೆಲೆ ಎಂಬುದು ಆಗಿಹೋದ ಒಂದು ವ್ಯವಹಾರ. ಒಂದೇ ಒಂದು ಷೇರು 428.50ಕ್ಕೆ ಕೈಬದಲಾಗಿದ್ದರೂ ಬತ್ತಿ ಅಲ್ಲಿಯವರೆಗೆ ಏರುತ್ತದೆ. ಬೀನ್ಸ್ 80 ಮುಟ್ಟಿತು ಎಂದರೆ ಆ ಬೆಲೆಗೆ ಕಾಲು ಕೆಜಿ ಹೋಯಿತೋ ಎರಡು ಮೂಟೆ ಹೋಯಿತೋ ಎಂದು ಬತ್ತಿ ಹೇಳುವುದಿಲ್ಲ. ಯಾವುದು ಮೊದಲು ಎಂಬುದನ್ನೂ ಹೇಳುವುದಿಲ್ಲ. ಬೆಲೆ 409.20ಕ್ಕೆ ಇಳಿದು ಆಮೇಲೆ 428.50ಕ್ಕೆ ಏರಿ 411ಕ್ಕೆ ಬಂದಿರಬಹುದು. ನೇರ 428.50ಕ್ಕೆ ಹಾರಿ, 409.20ರವರೆಗೆ ಕುಸಿದು, ಚೂರು ಚೇತರಿಸಿಕೊಂಡಿರಬಹುದು. ಎರಡಕ್ಕೂ ಕ್ಯಾಂಡಲ್ ಒಂದೇ. ತಿಳಿಯಬೇಕಾದರೆ `15m` ಇರುವ ಜಾಗದಲ್ಲಿ `1m` ಒತ್ತಬೇಕು, ಆಗ ಆ ಒಂದು ಕ್ಯಾಂಡಲ್ ಹದಿನೈದಾಗಿ ಒಡೆದುಕೊಳ್ಳುತ್ತದೆ. ಹುಡುಗ ಒತ್ತಿ ನೋಡಿದ. ಬೆಲೆ ಮೂರನೇ ನಿಮಿಷಕ್ಕೇ 428.50 ಮುಟ್ಟಿತ್ತು. ಏಳನೇ ನಿಮಿಷದಿಂದ ಜಾರುತ್ತಾ ಬಂದು, ಹದಿನಾಲ್ಕನೇ ನಿಮಿಷದಲ್ಲಿ 409.20 ಕಂಡಿತ್ತು.

ಇಷ್ಟಾದ ಮೇಲೆ ಕೆಳಗಿನ ಕಂಬಗಳನ್ನು ನೋಡಬೇಕು. ಅವು ವಾಲ್ಯೂಮ್, ಅಂದರೆ ಆ ಅವಧಿಯಲ್ಲಿ ಕೈಬದಲಾದ ಷೇರುಗಳ ಸಂಖ್ಯೆ, ರೂಪಾಯಿಯ ಮೊತ್ತವಲ್ಲ. `K` ಎಂದರೆ ಸಾವಿರ, `M` ಎಂದರೆ ಹತ್ತು ಲಕ್ಷ. ಹಾಗಾದರೆ `1.84M` ಎಂದರೆ 18 ಲಕ್ಷದ 40 ಸಾವಿರ ಷೇರು. ಕಂಬಗಳಿಗೂ ಕೆಂಪು ಹಸಿರು ಬಣ್ಣ ಇರುವುದರಿಂದ, ಹಸಿರು ಎಂದರೆ ಕೊಂಡದ್ದು, ಕೆಂಪು ಎಂದರೆ ಮಾರಿದ್ದು ಎಂದು ಹೊಸಬರಲ್ಲಿ ಬಹಳ ಜನ ತಿಳಿದಿರುತ್ತಾರೆ. ಹಾಗಲ್ಲ. ಒಬ್ಬ ಕೊಳ್ಳಬೇಕಾದರೆ ಇನ್ನೊಬ್ಬ ಮಾರಲೇಬೇಕು. 18.4 ಲಕ್ಷ ಮಾರಾಟವಾಗಿದೆ ಎಂದರೆ 18.4 ಲಕ್ಷ ಖರೀದಿಯೂ ಆಗಿದೆ. ಕಂಬದ ಬಣ್ಣ ಸಾಮಾನ್ಯವಾಗಿ ಮೇಲಿನ ಕ್ಯಾಂಡಲಿನಿಂದ ಎರವಲು ಬಂದದ್ದು, ಅಷ್ಟೆ.

18.4 ಲಕ್ಷ ಹೆಚ್ಚೋ ಕಡಿಮೆಯೋ? ಅದರ ಪಕ್ಕದ 9:30ರ ಕಂಬಕ್ಕೆ ಹೋಲಿಸಿ ಉತ್ತರ ಹೇಳುವಂತಿಲ್ಲ. ಪೇಟೆ ತೆರೆದ ಹೊತ್ತಿನಲ್ಲೂ ಮುಚ್ಚುವ ಹೊತ್ತಿನಲ್ಲೂ ವ್ಯಾಪಾರ ಜೋರು, ಮಧ್ಯಾಹ್ನ ಮಂದ. ಅದು ದಿನನಿತ್ಯದ ಲಯ. ಮೊದಲ ಕಾಲು ಗಂಟೆಯನ್ನು ಹಿಂದಿನ ದಿನಗಳ ಮೊದಲ ಕಾಲು ಗಂಟೆಯ ಜೊತೆಗೇ ಹೋಲಿಸಬೇಕು. ಚಾರ್ಟನ್ನು ಹಿಂದಕ್ಕೆ ಎಳೆದು, ಐದು ದಿನಗಳ 9:15ರ ಕಂಬಗಳ ಮೇಲೆ ಬೆರಳಿಟ್ಟು ಬರೆದುಕೋ ಎಂದೆ. ಸರಾಸರಿ ನಾಲ್ಕು ಲಕ್ಷ ಬಂತು. ಅಂದರೆ ಆ ದಿನ ಎಂದಿಗಿಂತ ನಾಲ್ಕೂವರೆ ಪಟ್ಟು ಷೇರು ಕೈಬದಲಾಗಿದೆ, ಮತ್ತು ಅಷ್ಟೆಲ್ಲ ಆದ ಮೇಲೂ ಬೆಲೆ ಶುರುವಾದಲ್ಲಿಗೇ ಬಂದು ನಿಂತಿದೆ.

ಬತ್ತಿಯನ್ನೂ ಕಂಬವನ್ನೂ ಕೂಡಿಸಿ ಓದುವುದು ಇಲ್ಲೇ. ಇದೇ ಉದ್ದದ ಬತ್ತಿ ಇದ್ದು ವಾಲ್ಯೂಮ್ ಬರೀ ಮೂವತ್ತು ಸಾವಿರ ಆಗಿದ್ದರೆ, ಮಾರುವವರು ವಿರಳವಾಗಿದ್ದ ಹೊತ್ತಿನಲ್ಲಿ ಯಾರದೋ ಅವಸರದ ಆರ್ಡರ್ ಬೆಲೆಯನ್ನು ಎಳೆದಿರಬಹುದು ಎಂದು ಆ 428ನ್ನು ಬದಿಗಿಡುತ್ತಿದ್ದೆ. ಇಲ್ಲಿ ಹಾಗಿಲ್ಲ. ಒಂದು ನಿಮಿಷದ ಚಾರ್ಟಿನಲ್ಲಿ ಎತ್ತರದ ಕಂಬಗಳಿದ್ದದ್ದು ಮೂರನೇ ಮತ್ತು ನಾಲ್ಕನೇ ನಿಮಿಷದಲ್ಲಿ. ಎರಡರಲ್ಲೂ ಸೇರಿ ಸುಮಾರು ಆರು ಲಕ್ಷ, ಬೆಲೆ 425ರ ಆಚೀಚೆ. ಆ ಬೆಲೆಗೆ ಕೊಂಡವರು ಆರು ಲಕ್ಷ ಷೇರಿನಷ್ಟಿದ್ದರು, ಅವರೆಲ್ಲರಿಗೂ ಬೇಕಾದಷ್ಟು ಕೊಡುವ ಮಾರಾಟಗಾರರೂ ಇದ್ದರು. ಹಾಗೆ ಕೊಂಡವರಲ್ಲಿ ಇನ್ನೂ ಕೈಯಲ್ಲಿಟ್ಟುಕೊಂಡವರು ಈಗ ಹದಿನಾಲ್ಕು ರೂಪಾಯಿ ನಷ್ಟದಲ್ಲಿದ್ದಾರೆ. ಬೆಲೆ ಮತ್ತೆ ಅಲ್ಲಿಗೆ ಹೋದರೆ ಅವರಲ್ಲಿ ಕೆಲವರಾದರೂ ಅಸಲು ಬಂತಲ್ಲ ಎಂದು ಮಾರುವ ಸಾಧ್ಯತೆ ಇದೆ. ಮಾರಿದವರು ಯಾರು, ಏಕೆ ಮಾರಿದರು, ಅದು ಚಾರ್ಟಿನಲ್ಲಿಲ್ಲ. ಬೆಳಿಗ್ಗೆ ಕೊಂಡು ಸಂಜೆಯೊಳಗೆ ಮಾರುವವರದೆಷ್ಟು, ಷೇರನ್ನು ಖಾತೆಗೇ ಹಾಕಿಸಿಕೊಂಡವರದೆಷ್ಟು ಎಂಬ ಡೆಲಿವರಿ ಲೆಕ್ಕವನ್ನು ಎನ್‌ಎಸ್‌ಇ ಕೊಡುವುದು ದಿನದ ವ್ಯಾಪಾರ ಮುಗಿದ ಮೇಲೆ.

ಬತ್ತಿಯ ಇನ್ನೊಂದು ಮುಖಕ್ಕೆ ನಿಜವಾದ ಒಂದು ದಿನವನ್ನೇ ನೋಡಬಹುದು. 2024ರ ಜೂನ್ 4, ಲೋಕಸಭೆ ಚುನಾವಣೆಯ ಮತ ಎಣಿಕೆ. ನಿಫ್ಟಿ 23,179.50ರಲ್ಲಿ ತೆರೆಯಿತು. ದಿನದ ಗರಿಷ್ಠವೂ ಅದೇ, ಹಾಗಾಗಿ ಆ ದಿನದ ಕ್ಯಾಂಡಲಿಗೆ ಮೇಲಿನ ಬತ್ತಿಯೇ ಇಲ್ಲ. ತೆರೆದ ಕ್ಷಣದಿಂದ ಒಮ್ಮೆಯೂ ಅದರ ಮೇಲೆ ತಲೆಯೆತ್ತಲಿಲ್ಲ ಎಂದು ಅರ್ಥ. ಕನಿಷ್ಠ 21,281.45, ಮುಕ್ತಾಯ 21,884.50. ಸುಮಾರು 1,295 ಅಂಶದ ಕೆಂಪು ಒಡಲು, ಅದರ ಕೆಳಗೆ 600 ಅಂಶದ ಬತ್ತಿ. ತಳ ಮುಟ್ಟಿದ ಮೇಲೆ ಸಂಜೆಯೊಳಗೆ ಕೊಳ್ಳುವವರು ಅಷ್ಟು ಮೇಲೆತ್ತಿದ್ದರು. ಅಂದು ಫೋನಿನಲ್ಲಿ ಆ ಕ್ಯಾಂಡಲ್ ನಿಮಿಷ ನಿಮಿಷಕ್ಕೂ ಆಕಾರ ಬದಲಿಸುತ್ತಿದ್ದುದನ್ನು ನೋಡಿದವರಿಗೆ, ಮುಗಿಯದ ಕ್ಯಾಂಡಲನ್ನು ನಂಬಬಾರದು ಎಂದು ಬೇರೆ ಹೇಳಬೇಕಿಲ್ಲ. ಹತ್ತೂವರೆಗೆ ತೆಗೆದ ಸ್ಕ್ರೀನ್‌ಶಾಟಿನ ಕೊನೆಯ ಕಡ್ಡಿ ಯಾವಾಗಲೂ ಅರ್ಧಂಬರ್ಧ. `1D` ಚಾರ್ಟಿನಲ್ಲಾದರೆ ಅದರ ಕೆಳಗಿನ ಕಂಬ ಗಿಡ್ಡವಾಗಿರುವುದಕ್ಕೆ ಕಾರಣ ಇಷ್ಟೇ: ದಿನ ಇನ್ನೂ ಮುಗಿದಿಲ್ಲ.

ಹಳೆಯ ಸ್ಕ್ರೀನ್‌ಶಾಟುಗಳಲ್ಲಿ ಬೇರೊಂದು ತೊಡಕಿದೆ. ಕಬ್ಬನ್ ರಸ್ತೆಯಲ್ಲಿ ಕೇಂದ್ರ ಕಚೇರಿ ಇರುವ ಎಚ್‌ಎಎಲ್ 2023ರ ಸೆಪ್ಟೆಂಬರ್‌ನಲ್ಲಿ 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು 5 ರೂಪಾಯಿಯ ಎರಡಾಗಿ ಒಡೆಯಿತು. ಅದಾದ ಮೇಲೆ ಚಾರ್ಟಿನಲ್ಲಿ ಹಿಂದಿನ ಬೆಲೆಗಳನ್ನೆಲ್ಲ ಅರ್ಧ ಮಾಡಿ ತೋರಿಸುತ್ತಾರೆ. 2018ರಲ್ಲಿ ಐಪಿಒಗೆ 1,215 ರೂಪಾಯಿ ಕೊಟ್ಟವರ ಬೆಲೆ ಈಗಿನ ಚಾರ್ಟಿನ ಲೆಕ್ಕದಲ್ಲಿ 607.50. ಒಡೆಯುವ ಮೊದಲು ತೆಗೆದಿಟ್ಟ ಚಿತ್ರವನ್ನು ಇಂದಿನ ಚಾರ್ಟಿನ ಪಕ್ಕ ಇಟ್ಟರೆ ಷೇರು ಅರ್ಧಕ್ಕೆ ಬಿದ್ದಂತೆ ಕಾಣುತ್ತದೆ.

ಹುಡುಗ ಅಂದು ಕೊಳ್ಳಲಿಲ್ಲ. ಸಂಜೆ ನಾಲ್ಕಕ್ಕೆ ಇನ್ನೊಂದು ಚಿತ್ರ ಕಳಿಸಿದ, ಈ ಸಲ ಮೂಲೆ ಸಮೇತ, `1D` ಚಾರ್ಟ್:

```
O 412.00  H 428.50  L 402.10  C 406.75
+2.75 (+0.68%)
```

‘ಮಾವ, ಮೇಲೆ ಹಸಿರಲ್ಲಿ ಪ್ಲಸ್ ಅಂತಿದೆ, ಕ್ಯಾಂಡಲ್ ನೋಡಿದ್ರೆ ಕೆಂಪು. ಯಾವುದು ಸರಿ?’ ಎರಡೂ ಸರಿ. ಹಿಂದಿನ ದಿನ ಷೇರು 404ಕ್ಕೆ ಮುಗಿದಿತ್ತು. ಶೇಕಡಾವಾರು ಲೆಕ್ಕ ಆ 404ರಿಂದ, ಹಾಗಾಗಿ 2 ರೂಪಾಯಿ 75 ಪೈಸೆ ಏರಿಕೆ. ಕ್ಯಾಂಡಲಿನ ಬಣ್ಣದ ಲೆಕ್ಕ ಬೆಳಗಿನ 412ರಿಂದ, ಹಾಗಾಗಿ 5 ರೂಪಾಯಿ 25 ಪೈಸೆ ಇಳಿಕೆ. ನಡುವಿನ ಎಂಟು ರೂಪಾಯಿ ಏರಿದ್ದು ಪೇಟೆ ತೆರೆಯುವ ಮೊದಲು, ಒಂಬತ್ತು ಗಂಟೆಗೆ ಶುರುವಾಗುವ ಪ್ರೀ-ಓಪನ್ ಹರಾಜಿನಲ್ಲಿ. ಬೆಳಿಗ್ಗೆ 9:15ಕ್ಕೆ ಕೊಂಡು ಸಂಜೆಯವರೆಗೆ ಇಟ್ಟುಕೊಂಡವರಿಗೆ, ಹಸಿರು ಪ್ಲಸ್ ಕಾಣುತ್ತಿದ್ದ ಅದೇ ದಿನ, ಷೇರಿಗೆ ಐದೂಕಾಲು ರೂಪಾಯಿ ನಷ್ಟ.