ಕದಲದ ಗೆರೆ, ಓಡುವ ಬಿಂಬ

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಬೆಳಕಿನ ಪಾಠ ತೆರೆದರೆ ಪೀನ ಮಸೂರದ ಆರು ಚಿತ್ರಗಳು ಒಟ್ಟಿಗೆ ಸಿಗುತ್ತವೆ. ವಸ್ತು ಬಹಳ ದೂರದಲ್ಲಿದ್ದಾಗ ಒಂದು, ಸ್ವಲ್ಪ ಹತ್ತಿರ ಬಂದಾಗ ಇನ್ನೊಂದು, ಹೀಗೆ ಅದು ಮಸೂರದ ಮಗ್ಗುಲಿಗೆ ಬರುವವರೆಗೆ. ಜೊತೆಗೊಂದು ಕೋಷ್ಟಕ: ಪ್ರತಿಬಿಂಬ ಎಲ್ಲಿ ಮೂಡಿತು, ಎಷ್ಟು ದೊಡ್ಡದು, ಸತ್ಯವೋ ಮಿಥ್ಯವೋ. ಎಸ್ಸೆಸ್ಸೆಲ್ಸಿ ಮಕ್ಕಳು ಸಾಮಾನ್ಯವಾಗಿ ಚಿತ್ರಗಳನ್ನು ಬದಿಗಿಟ್ಟು ಕೋಷ್ಟಕವನ್ನು ಬಾಯಿಪಾಠ ಮಾಡುತ್ತಾರೆ. ನಿಜವಾಗಿ ಆಗಬೇಕಾದದ್ದು ತಿರುಗುಮುರುಗು. ಆ ಆರು ಚಿತ್ರಗಳು ಆರು ಬೇರೆ ಸಂಗತಿಗಳಲ್ಲ. ಒಂದೇ ಚಿತ್ರ, ಅದರಲ್ಲಿ ಒಂದೇ ಒಂದು ಗೆರೆಯ ಓರೆ ಹೆಚ್ಚುತ್ತ ಹೋಗುತ್ತದೆ, ಅಷ್ಟೆ. ಆ ಗೆರೆಯನ್ನು ಗುರುತು ಹಿಡಿದವರಿಗೆ ಕೋಷ್ಟಕವೇ ಬೇಕಾಗುವುದಿಲ್ಲ.

ಇದಕ್ಕೆ ಒಂದು ಗ್ರಾಫ್ ಹಾಳೆ ಸಾಕು. ಅಡ್ಡಕ್ಕೆ ಒಂದು ಗೆರೆ ಎಳೆದರೆ ಅದು ಪ್ರಧಾನ ಅಕ್ಷ. ಅದರ ನಡುವೆ ನೆಟ್ಟಗೆ ನಿಂತ ಗೆರೆಯೇ ಮಸೂರ. ನಿಜವಾದ ಮಸೂರದಲ್ಲಿ ಬೆಳಕು ಒಳಹೊಕ್ಕಾಗ ಒಮ್ಮೆ, ಹೊರಬಂದಾಗ ಇನ್ನೊಮ್ಮೆ ಬಾಗುತ್ತದೆ. ತೆಳು ಮಸೂರದಲ್ಲಿ ಈ ಎರಡು ಜಾಗಗಳ ನಡುವಿನ ಅಂತರ ತೀರ ಕಡಿಮೆ. ಹಾಗಾಗಿ ಚಿತ್ರದಲ್ಲಿ ನಡುಗೆರೆಯ ಮೇಲೆ ಒಂದೇ ಸಲ ಬಾಗಿಸಿದರೆ ನಡೆಯುತ್ತದೆ. ನಮ್ಮ ಮಸೂರದ ಸಂಗಮ ದೂರ 10 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಅಂದರೆ ಅಕ್ಷಕ್ಕೆ ಸಮಾಂತರವಾಗಿ ಬಂದ ಬೆಳಕು ಮಸೂರ ದಾಟಿ 10 ಸೆಂ.ಮೀ. ಆಚೆಗೆ, ಸಂಗಮ ಬಿಂದುವಿನಲ್ಲಿ ಕೂಡುತ್ತದೆ. ಮಸೂರದ ಎಡಕ್ಕೆ, ಅಕ್ಷದ ಮೇಲೆ ನೆಟ್ಟಗೆ ನಿಲ್ಲಿಸಿದ 2 ಸೆಂ.ಮೀ. ಎತ್ತರದ ಸೂಜಿಯೇ ವಸ್ತು.

ಸೂಜಿಯ ತುದಿಯಿಂದ ಎರಡು ಕಿರಣಗಳು ಹೊರಡಲಿ. ಮೊದಲನೆಯದು ಅಕ್ಷಕ್ಕೆ ಸಮಾಂತರವಾಗಿ ಹೋಗಿ, ಮಸೂರವನ್ನು 2 ಸೆಂ.ಮೀ. ಎತ್ತರದಲ್ಲಿ ತಾಗಿ, ಬಾಗಿ, ಬಲಗಡೆಯ ಸಂಗಮ ಬಿಂದುವಿನ ಮೂಲಕ ಇಳಿಯುತ್ತದೆ. ಎರಡನೆಯದು ಮಸೂರದ ನಡುಬಿಂದುವಿನ ಮೂಲಕ ಬಾಗದೆ ನೇರ ಹಾಯ್ದುಹೋಗುತ್ತದೆ. ಇವೆರಡೂ ಮತ್ತೆ ಸೇರುವ ಜಾಗದಲ್ಲಿ ತುದಿಯ ಪ್ರತಿಬಿಂಬ.

ಈಗ ಸೂಜಿಯನ್ನು ಅಕ್ಷದ ಮೇಲೆ ಮಸೂರದ ಕಡೆಗೆ ಸರಿಸಿದರೆ ಏನು ಬದಲಾಗುತ್ತದೆ? ಮೊದಲ ಕಿರಣದಲ್ಲಿ ಏನೂ ಇಲ್ಲ. ಸೂಜಿ ಎಲ್ಲೇ ಇದ್ದರೂ ಅದರ ತುದಿ 2 ಸೆಂ.ಮೀ. ಎತ್ತರದಲ್ಲೇ ಇರುತ್ತದೆ, ಸಮಾಂತರ ಕಿರಣ ಮಸೂರವನ್ನು ಅದೇ ಜಾಗದಲ್ಲಿ ತಾಗುತ್ತದೆ, ಬಾಗಿದ ಮೇಲೆ ಅದೇ ದಾರಿಯಲ್ಲಿ ಇಳಿಯುತ್ತದೆ. ಸೂಜಿ ಎಲ್ಲಿದ್ದರೂ ಕದಲದ ಗೆರೆ ಇದು. ಪ್ರತಿಬಿಂಬದ ತುದಿ ಇರಬೇಕಾದದ್ದು ಯಾವಾಗಲೂ ಇದರ ಮೇಲೆಯೇ. ಬದಲಾಗುವುದು ನಡುಬಿಂದುವಿನ ಕಿರಣದ ಓರೆ ಮಾತ್ರ: ಸೂಜಿ ಹತ್ತಿರ ಬಂದಷ್ಟೂ ಅದು ಕಡಿದಾಗುತ್ತದೆ.

ಲೆಕ್ಕ ಕೂಡ ಸಲೀಸು. ಕದಲದ ಗೆರೆ ಮಸೂರದಿಂದ ಹೊರಡುವಾಗ ಅಕ್ಷಕ್ಕಿಂತ 20 ಮಿ.ಮೀ. ಮೇಲಿದ್ದು, 10 ಸೆಂ.ಮೀ. ದೂರದಲ್ಲಿ ಅಕ್ಷವನ್ನು ಮುಟ್ಟುತ್ತದೆ. ಅಂದರೆ ಬಲಕ್ಕೆ ಸಾಗಿದ ಪ್ರತಿ ಸೆಂಟಿಮೀಟರಿಗೆ 2 ಮಿ.ಮೀ. ಇಳಿತ. ಸೂಜಿ 20 ಸೆಂ.ಮೀ. ದೂರದಲ್ಲಿದ್ದಾಗ ನಡುಕಿರಣ ಅಷ್ಟು ದೂರಕ್ಕೆ 20 ಮಿ.ಮೀ. ಇಳಿಯುತ್ತದೆ, ಎಂದರೆ ಸೆಂಟಿಮೀಟರಿಗೆ 1 ಮಿ.ಮೀ. ಮಸೂರದ ಬಳಿ ಎರಡು ಗೆರೆಗಳ ನಡುವೆ 20 ಮಿ.ಮೀ. ಅಂತರ, ಪ್ರತಿ ಸೆಂಟಿಮೀಟರಿಗೆ ಅದು 1 ಮಿ.ಮೀ. ಕಡಿಮೆಯಾಗುತ್ತದೆ. ಹಾಗಾಗಿ ಭೇಟಿ 20 ಸೆಂ.ಮೀ. ಆಚೆಗೆ, ಅಕ್ಷದಿಂದ 20 ಮಿ.ಮೀ. ಕೆಳಗೆ. ತಲೆಕೆಳಗಾದ, ಸೂಜಿಯಷ್ಟೇ ಉದ್ದದ ಪ್ರತಿಬಿಂಬ. ಪಠ್ಯಪುಸ್ತಕ ಸಂಗಮ ದೂರದ ಎರಡರಷ್ಟು ದೂರವನ್ನು ಪ್ರತ್ಯೇಕವಾಗಿ ಗುರುತಿಸುವುದು ಇದಕ್ಕೇ.

ಸೂಜಿಯನ್ನು 12.5 ಸೆಂ.ಮೀ.ಗೆ ತಂದರೆ ನಡುಕಿರಣ ಸೆಂಟಿಮೀಟರಿಗೆ 1.6 ಮಿ.ಮೀ. ಇಳಿಯುತ್ತದೆ. ಅಂತರ ಈಗ ಸೆಂಟಿಮೀಟರಿಗೆ 0.4 ಮಿ.ಮೀ. ಮಾತ್ರ ತಗ್ಗುತ್ತದೆ, 20 ಮಿ.ಮೀ. ಕರಗಲು 50 ಸೆಂ.ಮೀ. ಬೇಕು. ಅಷ್ಟರಲ್ಲಿ ಗೆರೆಗಳು ಅಕ್ಷದಿಂದ 8 ಸೆಂ.ಮೀ. ಕೆಳಗಿಳಿದಿರುತ್ತವೆ. 2 ಸೆಂ.ಮೀ. ಸೂಜಿಗೆ 8 ಸೆಂ.ಮೀ. ಬಿಂಬ! ಬಿಂಬ ದೂರ ಹೋದಷ್ಟೂ ದೊಡ್ಡದಾಗುವುದೇಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಇಳಿಜಾರಿನ ಗೆರೆಯ ಮೇಲೆ ದೂರ ಹೋಗುವುದೆಂದರೆ ಅಕ್ಷದಿಂದ ಇನ್ನಷ್ಟು ಕೆಳಗಿಳಿಯುವುದು.

ಸರಿಯಾಗಿ 10 ಸೆಂ.ಮೀ.ಗೆ ಬಂದಾಗ ಎರಡೂ ಗೆರೆಗಳು ಸೆಂಟಿಮೀಟರಿಗೆ 2 ಮಿ.ಮೀ.ನಂತೆಯೇ ಇಳಿಯುತ್ತವೆ. ನಡುವಿನ 20 ಮಿ.ಮೀ. ಹಾಗೆಯೇ ಉಳಿಯುತ್ತದೆ. ಗೋಡೆಯನ್ನು ಎಷ್ಟು ದೂರ ಸರಿಸಿದರೂ ಬಿಂಬ ಸಿಗದು. ಪುಸ್ತಕ ಇದನ್ನೇ ‘ಅನಂತ ದೂರದಲ್ಲಿ’ ಎನ್ನುತ್ತದೆ.

ಇನ್ನೂ ಒಳಕ್ಕೆ, 8 ಸೆಂ.ಮೀ.ಗೆ ತಂದರೆ ಚಿತ್ರ ಮಗುಚಿಕೊಳ್ಳುತ್ತದೆ. ನಡುಕಿರಣದ ಇಳಿತ ಸೆಂಟಿಮೀಟರಿಗೆ 2.5 ಮಿ.ಮೀ. ಅದು ಕದಲದ ಗೆರೆಗಿಂತ ಕಡಿದು, ಆದ್ದರಿಂದ ಬಲಗಡೆ ಅಂತರ ಹಿಗ್ಗುತ್ತಲೇ ಹೋಗುತ್ತದೆ. ಅದೇ ಗೆರೆಗಳನ್ನು ಸ್ಕೇಲಿಟ್ಟು ಎಡಕ್ಕೆ, ಮಸೂರದ ಹಿಂದಕ್ಕೆ ಬೆಳೆಸಿದರೆ ಅಂತರ ಸೆಂಟಿಮೀಟರಿಗೆ ಅರ್ಧ ಮಿ.ಮೀ.ನಂತೆ ಕುಗ್ಗಿ, 40 ಸೆಂ.ಮೀ. ಹಿಂದೆ, ಅಕ್ಷಕ್ಕಿಂತ 10 ಸೆಂ.ಮೀ. ಮೇಲೆ ಗೆರೆಗಳು ಕೂಡುತ್ತವೆ. ನೇರವಾದ, ಐದು ಪಟ್ಟು ದೊಡ್ಡ ಬಿಂಬ. ಇಲ್ಲೂ ಅದು ಅದೇ ಕದಲದ ಗೆರೆಯ ಮೇಲಿದೆ, ಆದರೆ ಮಸೂರದ ಈಚೆಗೆ ಎಳೆದ ಮುಂದುವರಿಕೆಯ ಮೇಲೆ. ಆ ಭಾಗವನ್ನು ಚುಕ್ಕೆಗೆರೆಯಾಗಿ ಬಿಡಿಸಲೇಬೇಕು. ಗಟ್ಟಿಗೆರೆ ಎಂದರೆ ಅಲ್ಲಿ ಬೆಳಕು ನಿಜಕ್ಕೂ ಸಾಗುತ್ತಿದೆ; ಚುಕ್ಕೆಗೆರೆ ಎಂದರೆ ಬೆಳಕು ಆ ದಾರಿಯಲ್ಲಿ ಬಂದಂತೆ ಕಣ್ಣಿಗೆ ತೋರುತ್ತಿದೆ. ಸತ್ಯ ಪ್ರತಿಬಿಂಬದ ಜಾಗದಲ್ಲಿ ಹಾಳೆ ಹಿಡಿದರೆ ಬಿಂಬ ಮೂಡುತ್ತದೆ, ಮಿಥ್ಯ ಪ್ರತಿಬಿಂಬದ ಜಾಗದಲ್ಲಿ ಹಿಡಿದರೆ ಮೂಡುವುದಿಲ್ಲ. ಅಲ್ಲಿಗೆ ಬೆಳಕು ಹೋಗಿ ಕೂಡಿಯೇ ಇಲ್ಲವಲ್ಲ.

ಬರೆದ ಚಿತ್ರ ಸರಿಯಿದೆಯೇ ಎಂದು ನೋಡಲು ಇದೇ ಒರೆಗಲ್ಲು. ಬಿಂಬದ ತುದಿ ಕದಲದ ಗೆರೆಯ ಮೇಲಿಲ್ಲದಿದ್ದರೆ ಎಲ್ಲೋ ಸ್ಕೇಲು ಜಾರಿದೆ. ತಲೆಕೆಳಗಾದ ಬಿಂಬಕ್ಕೆ ಚುಕ್ಕೆಗೆರೆ ಬಂದಿದ್ದರೆ, ಅಥವಾ ಸೂಜಿಯ ಬದಿಯಲ್ಲೇ ಇರುವ ಬಿಂಬವನ್ನು ಗಟ್ಟಿಗೆರೆಗಳು ಮುಟ್ಟಿದ್ದರೆ, ಬರೆದವರು ಬೆಳಕಿನ ದಾರಿಯನ್ನು ಯೋಚಿಸಿಲ್ಲ ಎಂದೇ ಅರ್ಥ.

ಚಿತ್ರವನ್ನು ಸರಿಯಾಗಿ ಬರೆದವರೂ ಅದನ್ನು ತಪ್ಪಾಗಿ ಓದುವುದುಂಟು. ಅಮೆರಿಕದ ಭೌತವಿಜ್ಞಾನ ಬೋಧನೆಯ ಸಂಶೋಧಕರಾದ ಫ್ರೆಡ್ ಗೋಲ್ಡ್‌ಬರ್ಗ್ ಮತ್ತು ಲಿಲಿಯನ್ ಮೆಕ್‌ಡರ್ಮಟ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಸರಳ ಪ್ರಶ್ನೆಗಳನ್ನು ಕೇಳಿದ್ದರು. ಮಸೂರದ ಅರ್ಧ ಭಾಗವನ್ನು ಮುಚ್ಚಿದರೆ ಪರದೆಯ ಮೇಲಿನ ಬಿಂಬಕ್ಕೆ ಏನಾಗುತ್ತದೆ ಎಂಬುದು ಅವುಗಳಲ್ಲೊಂದು. ಬಹಳ ಮಂದಿ ಬಿಂಬದ ಅರ್ಧ ಮಾಯವಾಗುತ್ತದೆ ಎಂದರು. ಆಗುವುದು ಬೇರೆ. ಸೂಜಿಯ ಒಂದೊಂದು ಬಿಂದುವಿನಿಂದಲೂ ಲೆಕ್ಕವಿಲ್ಲದಷ್ಟು ಕಿರಣಗಳು ಹೊರಟು ಮಸೂರದ ಮೈತುಂಬ ಬೀಳುತ್ತವೆ. ನಾವು ಬರೆಯುವ ಎರಡು ಕಿರಣಗಳು ದಾರಿ ಸುಲಭವಾಗಿ ಗೊತ್ತಾಗುತ್ತದೆಂದು ಆರಿಸಿಕೊಂಡವು ಮಾತ್ರ. ಮೇಲರ್ಧ ಮುಚ್ಚಿದಾಗ ಸಮಾಂತರ ಕಿರಣ ನಿಂತುಹೋಗಬಹುದು, ಆದರೆ ಕೆಳಗರ್ಧದಿಂದ ಹಾಯ್ದ ಕಿರಣಗಳೆಲ್ಲ ಅದೇ ಬಿಂದುವಿಗೆ ಬಂದು ಸೇರುತ್ತವೆ. ಬಿಂಬ ಪೂರ್ತಿ ಉಳಿಯುತ್ತದೆ, ಮಂಕಾಗುತ್ತದೆ. ಸೂಜಿಯ ಬದಲು ಮಸೂರಕ್ಕಿಂತ ಎತ್ತರದ ಮರವಿದ್ದರೂ ಇದೇ ಕಾರಣಕ್ಕೆ ಚಿತ್ರ ಸೋಲುವುದಿಲ್ಲ: ಸಮಾಂತರ ಕಿರಣ ಗಾಜನ್ನು ತಾಗದೆ ಮೇಲೆ ಹಾದುಹೋದರೂ, ಮಸೂರದ ಗೆರೆಯನ್ನು ಉದ್ದಕ್ಕೆ ಬೆಳೆಸಿ ಬರೆದುಕೊಂಡರೆ ಬಿಂಬದ ಜಾಗ ಸರಿಯಾಗಿಯೇ ಸಿಗುತ್ತದೆ.

ಮನೆಯ ಭೂತಕನ್ನಡಿಯಲ್ಲಿ ಇದನ್ನೆಲ್ಲ ಪರೀಕ್ಷಿಸಬಹುದು. ಕಿಟಕಿಯ ಎದುರು ಗೋಡೆಗೆ ಹತ್ತಿರವಾಗಿ ಹಿಡಿದು ಹಿಂದೆ ಮುಂದೆ ಸರಿಸಿದರೆ ಹೊರಗಿನ ದೂರದ ಮರ ಪುಟ್ಟದಾಗಿ, ತಲೆಕೆಳಗಾಗಿ ಗೋಡೆಯ ಮೇಲೆ ಮೂಡುತ್ತದೆ. ಅದು ಅತ್ಯಂತ ಸ್ಪಷ್ಟವಾದಾಗ ಮಸೂರಕ್ಕೂ ಗೋಡೆಗೂ ಇರುವ ದೂರವೇ ಸಂಗಮ ದೂರ. ಆಮೇಲೆ ಕತ್ತಲ ಕೋಣೆಯಲ್ಲಿ ಮೇಣದಬತ್ತಿ ಹಚ್ಚಿ ಅದರ ಬಿಂಬವನ್ನು ಗೋಡೆಗೆ ಬೀಳಿಸಲು ಹೋದವರು ಸಾಮಾನ್ಯವಾಗಿ ಸೋಲುವುದು ಒಂದೇ ಕಡೆ: ಬತ್ತಿಯನ್ನು ಗೋಡೆಗೆ ತೀರ ಹತ್ತಿರ ಇಟ್ಟಿರುತ್ತಾರೆ. ಬತ್ತಿಗೂ ಗೋಡೆಗೂ ಸಂಗಮ ದೂರದ ನಾಲ್ಕು ಪಟ್ಟಾದರೂ ಅಂತರ ಬೇಕು, 10 ಸೆಂ.ಮೀ. ಮಸೂರಕ್ಕೆ 40 ಸೆಂ.ಮೀ. ಅದಕ್ಕಿಂತ ಕಡಿಮೆಯಾದರೆ ಮಸೂರವನ್ನು ನಡುವೆ ಎಲ್ಲಿ ಹಿಡಿದರೂ ಬಿಂಬ ಸ್ಪಷ್ಟವಾಗದು. ಅಂತರ 45 ಸೆಂ.ಮೀ. ಇದ್ದರೆ ಎರಡು ಜಾಗ ಸಿಗುತ್ತವೆ. ಬತ್ತಿಯಿಂದ 30 ಸೆಂ.ಮೀ. ದೂರದಲ್ಲಿ ಹಿಡಿದಾಗ ಜ್ವಾಲೆಯ ಅರ್ಧದಷ್ಟು ಬಿಂಬ, 15 ಸೆಂ.ಮೀ. ದೂರದಲ್ಲಿ ಎರಡರಷ್ಟು. ದೊಡ್ಡ ಬಿಂಬದ ಅಂಚುಗಳಲ್ಲಿ ತುಸು ಮಸುಕು, ಬಣ್ಣದ ಸೆರಗು ಕಾಣುತ್ತದೆ. ಗಾಜು ನೀಲಿಯನ್ನು ಕೆಂಪಿಗಿಂತ ಹೆಚ್ಚು ಬಾಗಿಸುತ್ತದೆ, ಮಸೂರದ ಅಂಚಿನ ಕಿರಣಗಳು ನಡುವಿನವುಗಳಿಗಿಂತ ಸ್ವಲ್ಪ ಮೊದಲೇ ಕೂಡುತ್ತವೆ. ಇವೆರಡನ್ನೂ ನಮ್ಮ ಸರಳ ಚಿತ್ರ ತೋರಿಸುವುದಿಲ್ಲ.

ಚಿತ್ರದ ಕೊನೆಯ ಭಾಗ, ಅಂದರೆ ಮಿಥ್ಯ ಪ್ರತಿಬಿಂಬ, ನಲವತ್ತು ದಾಟಿದವರ ಮೂಗಿನ ಮೇಲೇ ಕೂತಿರುತ್ತದೆ. ಚಾಳೀಸು ಬಂದವರಿಗೆ ಕೊಡುವ +2 ಕನ್ನಡಕದ ಸಂಗಮ ದೂರ 50 ಸೆಂ.ಮೀ. ಪತ್ರಿಕೆಯನ್ನು 25 ಸೆಂ.ಮೀ. ದೂರದಲ್ಲಿ ಹಿಡಿದರೆ ಅದು ಸಂಗಮ ದೂರದ ಒಳಗೇ ಇರುತ್ತದೆ. ಅದರ ಮಿಥ್ಯ ಪ್ರತಿಬಿಂಬ 50 ಸೆಂ.ಮೀ. ಆಚೆಗೆ, ಎರಡು ಪಟ್ಟು ದೊಡ್ಡದಾಗಿ ಮೂಡುತ್ತದೆ. ಆದರೂ ಅಕ್ಷರಗಳು ಎರಡು ಪಟ್ಟು ದೊಡ್ಡದಾಗಿ ಕಾಣುವುದಿಲ್ಲ. ನಡುಬಿಂದುವಿನ ಕಿರಣವನ್ನು ನೋಡಿದರೆ ಕಾರಣ ತಿಳಿಯುತ್ತದೆ. ಅಕ್ಷರದ ತುದಿ, ಬಿಂಬದ ತುದಿ, ಮಸೂರದ ನಡು, ಮೂರೂ ಒಂದೇ ನೇರದಲ್ಲಿವೆ. ಬಿಂಬ ಎರಡರಷ್ಟು ಎತ್ತರ, ಎರಡರಷ್ಟು ದೂರ. ಮಸೂರದ ಹಿಂದೆಯೇ ಇರುವ ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ ಕೋನದಲ್ಲಿ ಕಾಣುತ್ತವೆ. ಓದುವ ಕನ್ನಡಕದ ಮುಖ್ಯ ಕೆಲಸ ಅಕ್ಷರವನ್ನು ಹಿಗ್ಗಿಸುವುದಲ್ಲ, ಕಣ್ಣು ಹೊಂದಿಕೊಳ್ಳಲಾರದಷ್ಟು ಹತ್ತಿರವಿರುವ ಪುಟವನ್ನು ಅದಕ್ಕೆ ಹೊಂದುವ ದೂರಕ್ಕೆ ತಳ್ಳುವುದು. ವಯಸ್ಸಾಗುತ್ತ ಆ ದೂರ 50 ಸೆಂ.ಮೀ.ನಿಂದ ಒಂದು ಮೀಟರಿಗೆ ಹೋಯಿತೆನ್ನಿ. ಆಗ +3 ಬೇಕಾಗುತ್ತದೆ, ಅದೇ 25 ಸೆಂ.ಮೀ.ನಲ್ಲಿ ಹಿಡಿದ ಪುಟದ ಬಿಂಬವನ್ನು ಅದು ಸರಿಯಾಗಿ ಒಂದು ಮೀಟರ್ ಆಚೆಗೆ ಇಡುತ್ತದೆ.