ಹನ್ನೊಂದನೇ ಸಲ ಸರಿಯಾದ ಕೋಡ್ ಹಾಕಿ ನೋಡಿ

‘ಪಾಸ್‌ವರ್ಡ್ ಮರೆತಿರಾ?’ ಒತ್ತಿದರೆ ಮೊಬೈಲಿಗೆ ಆರು ಅಂಕಿಯ ಕೋಡ್ ಬರುತ್ತದೆ. ಆರು ಅಂಕಿ ಎಂದರೆ ಒಟ್ಟು 10 ಲಕ್ಷ ಸಾಧ್ಯತೆ. ಕೈಯಲ್ಲಿ ಒಂದೊಂದಾಗಿ ಹೊಡೆಯುವವನಿಗೆ ಅದು ಮುಗಿಯದ ಕೆಲಸ, ಪ್ರೋಗ್ರಾಂ ಬರೆದು ಕೂತವನಿಗೆ ಹಾಗಲ್ಲ. ಅದಕ್ಕೇ ಎರಡು ಕಾವಲು ಇರುತ್ತವೆ: ಇಷ್ಟು ಸಲ ತಪ್ಪಿದರೆ ಬೀಗ, ಇಷ್ಟು ನಿಮಿಷ ಕಳೆದರೆ ಕೋಡ್ ರದ್ದು.

2016ರಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಆನಂದ್ ಪ್ರಕಾಶ್ ಇದನ್ನು ಫೇಸ್‌ಬುಕ್‌ನಲ್ಲಿ ತಮ್ಮದೇ ಖಾತೆಯ ಮೇಲೆ ಪರೀಕ್ಷಿಸಿದರು. ಮುಖ್ಯ ತಾಣದಲ್ಲಿ ಹತ್ತು ಹನ್ನೆರಡು ತಪ್ಪು ಕೋಡಿಗೆ ಬೀಗ ಬಿತ್ತು. ಅವರು ಅಲ್ಲಿಗೇ ನಿಲ್ಲಲಿಲ್ಲ. ಹೊಸ ಸೌಲಭ್ಯಗಳ ಪ್ರಯೋಗಕ್ಕಿದ್ದ `beta.facebook.com`ಗೆ ಹೋದರು. ಖಾತೆ ಅದೇ, ಕೋಡ್ ಅದೇ, ಬೀಗ ಮಾತ್ರ ಇರಲಿಲ್ಲ! ಫೇಸ್‌ಬುಕ್ ದೋಷ ಸರಿಪಡಿಸಿ ಅವರಿಗೆ 15,000 ಡಾಲರ್ ಕೊಟ್ಟಿತು. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ವೆಬ್‌ಸೈಟ್ ಪರೀಕ್ಷಿಸಿ ಮೊಬೈಲ್ ಆ್ಯಪ್ ಮರೆಯುವ ತಂಡಗಳು ಇಂದಿಗೂ ಈ ತಪ್ಪು ಮಾಡುತ್ತವೆ.

2019ರಲ್ಲಿ ತಮಿಳುನಾಡಿನ ಲಕ್ಷ್ಮಣ್ ಮುತ್ತಯ್ಯ ಇನ್‌ಸ್ಟಾಗ್ರಾಂನಲ್ಲಿ ಕಂಡದ್ದು ಇನ್ನೂ ಸೂಕ್ಷ್ಮ. ಅಲ್ಲಿ ಕೋಡಿನ ಆಯುಸ್ಸು 10 ನಿಮಿಷ. ಬೀಗವೂ ಇತ್ತು. ಆದರೆ ತಪ್ಪುಗಳ ಲೆಕ್ಕ ಇಡುತ್ತಿದ್ದದ್ದು ಇಂಟರ್ನೆಟ್ ವಿಳಾಸವಾರು. ಅವರು 1,000 ವಿಳಾಸಗಳಿಂದ ಒಟ್ಟು 2 ಲಕ್ಷ ಕೋಡ್ ಕಳಿಸಿ ತೋರಿಸಿದರು, ಒಂದೂ ತಡೆಗೆ ಸಿಕ್ಕಲಿಲ್ಲ. ಅಂಥ 5,000 ವಿಳಾಸ ಬಾಡಿಗೆಗೆ ಹಿಡಿದರೆ ಹತ್ತೂ ಲಕ್ಷ ಮುಗಿಯುತ್ತದೆ. ಲೆಕ್ಕ ಇಡಬೇಕಾದದ್ದು ಖಾತೆಯ ಹೆಸರಿನಲ್ಲಿ. ಐದೇ ಅವಕಾಶ ಕೊಟ್ಟರೆ ಊಹೆ ಫಲಿಸುವುದು 2 ಲಕ್ಷಕ್ಕೊಮ್ಮೆ.

ನಿಮ್ಮ ಸಂಸ್ಥೆಯ ತಾಣವಿದ್ದರೆ ಒಂದು ಪರೀಕ್ಷಾ ಖಾತೆ ತೆರೆಯಿರಿ. ಹತ್ತು ಸಲ ತಪ್ಪು ಕೋಡ್ ಹಾಕಿ, ಹನ್ನೊಂದನೇ ಸಲ ಸರಿಯಾದದ್ದನ್ನು ಹಾಕಿ. ಒಳಗೆ ಬಿಟ್ಟರೆ ಬೀಗ ಬಿದ್ದೇ ಇಲ್ಲ ಎಂದರ್ಥ, ಪರದೆಯ ಮೇಲೆ ಎಷ್ಟೇ ಕೆಂಪು ಅಕ್ಷರ ಕಾಣಿಸಿರಲಿ. ಆಮೇಲೆ ಹೊಸ ಕೋಡ್ ಕೇಳಿ. ಹಳೆಯ ಕೋಡ್ ಆ ಕ್ಷಣವೇ ಸಾಯಬೇಕು, ತಪ್ಪಿನ ಲೆಕ್ಕ ಮಾತ್ರ ಸೊನ್ನೆಗೆ ಇಳಿಯಬಾರದು. ಇಳಿದರೆ ಐದೈದು ಊಹೆಗೊಮ್ಮೆ ಹೊಸ ಕೋಡ್ ಕೇಳುತ್ತಾ ಕಳ್ಳ ಬೆಳಗಾಗುವವರೆಗೂ ಪ್ರಯತ್ನಿಸಬಹುದು. ಹತ್ತು ನಿಮಿಷದ ಕೋಡನ್ನು ಹನ್ನೊಂದನೇ ನಿಮಿಷಕ್ಕೆ ಹಾಕಿ, ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಿ, ಎರಡೂ ಸೋಲಬೇಕು.

ಬೀಗಕ್ಕೂ ಒಂದು ಕುತ್ತು ಇದೆ. ನಿಮ್ಮ ಮೇಲೆ ಸಿಟ್ಟಿರುವವರು ಬೇಕೆಂದೇ ತಪ್ಪು ಹೊಡೆದು ನಿಮ್ಮ ಖಾತೆಗೆ ಬೀಗ ಹಾಕಿಸಬಹುದು. ಹಾಗಾಗಿ ಅದು ಸ್ವಲ್ಪ ಹೊತ್ತಿನ ನಂತರ ತಾನಾಗಿಯೇ ತೆರೆಯುತ್ತದೆಯೇ ಎಂಬುದನ್ನೂ ಗಡಿಯಾರ ಹಿಡಿದು ನೋಡಬೇಕು.

ಇದೆಲ್ಲ ನಿಮ್ಮ ಖಾತೆಯಲ್ಲಿ, ತಾಣದವರ ಅನುಮತಿ ಪಡೆದ ಮೇಲೆ. ಅನುಮತಿಯಿಲ್ಲದೆ ಬೇರೆಯವರ ಖಾತೆಗೆ ನುಗ್ಗುವುದು ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧ.