ಸ್ಕ್ರೀನ್‌ಶಾಟ್‌ಗಳಲ್ಲೇ ಒಂದು ಕಥೆ

ವಾಟ್ಸ್ಆ್ಯಪ್ ಸ್ಕ್ರೀನ್‌ಶಾಟ್‌ಗಳನ್ನು ಸಾಲಾಗಿ ಜೋಡಿಸಿ ಕಥೆ ಹೇಳುವಾಗ ನಿರೂಪಕನಿಗೆ ಜಾಗವಿಲ್ಲ. ಅವನ ಕೆಲಸವನ್ನು ಸಮಯ ಮತ್ತು ಟಿಕ್ ಗುರುತುಗಳೇ ಮಾಡಬೇಕು.

ಒಂದು ಕಥೆ ಕಟ್ಟಿ ನೋಡೋಣ. ದೊಡ್ಡಪ್ಪನ ಮಗಳು ಸುಮಾ, ಚಿಕ್ಕಪ್ಪನ ಮಗ ರವಿ. ಅಜ್ಜಿಯ ಹುಟ್ಟುಹಬ್ಬಕ್ಕೆ ಹೇಳದೆ ಕೇಳದೆ ಊರಿಗೆ ಹೋಗಿ ನಿಲ್ಲುವುದು ಇವರ ಗುಟ್ಟು. ಫೋನು ಸುಮಾಳದು. ಹಾಗಾಗಿ ಮೇಲೆ ರವಿಯ ಹೆಸರು, ಅವಳ ಮಾತು ಬಲಕ್ಕೆ, ಟಿಕ್ ಅವಳ ಸಂದೇಶಗಳಿಗೆ ಮಾತ್ರ. ನಡುವೆ ಇದು ಅದಲುಬದಲಾದರೆ ಯಾರ ಮಾತು ಯಾವುದೆಂದು ಓದುಗರಿಗೆ ತಿಳಿಯುವುದಿಲ್ಲ.

ರಾತ್ರಿ 9.40, ರವಿ: “ಅಕ್ಕಾ, ಬಸ್ ಟಿಕೆಟ್ ಆಯ್ತು.”
9.42, ಸುಮಾ: “ಸರಿ ಕಣೋ. 80 ಅಂತಿರೋ ಕ್ಯಾಂಡಲ್ ಮರೀಬೇಡ.”

ಎರಡನೇ ಚಿತ್ರ. 9.51, ರವಿ: “ಅಯ್ಯೋ, ಟಿಕೆಟ್ ಮನೆ ಗ್ರೂಪಿಗೆ ಹಾಕ್ಬಿಟ್ಟೆ! ಡಿಲೀಟ್ ಮಾಡಿದೀನಿ.”
9.52, ಸುಮಾ: “ಅಜ್ಜಿ ನೋಡಿದ್ರಾ?”

ಆ ಪ್ರಶ್ನೆಯ ಕೆಳಗೆ ಎರಡು ಬೂದು ಟಿಕ್. ಸಂದೇಶ ತಲುಪಿದೆ, ರವಿ ತೆರೆದಿಲ್ಲ. ಮೂರನೇ ಚಿತ್ರದಲ್ಲಿ ಟಿಕ್ ನೀಲಿ, ಗಂಟೆ 10.30. ಕಥೆಯ ಆತಂಕವೆಲ್ಲ ಈ ಅಂತರದಲ್ಲಿದೆ. ಅದರ ಬಗ್ಗೆ ಒಂದು ಪದವನ್ನೂ ಬರೆಯಬೇಕಾಗಿಲ್ಲ.

ರವಿ: “ಅಜ್ಜಿ ಈಗ ಫೋನ್ ಮಾಡಿದ್ರು. ಎಷ್ಟು ಜನಕ್ಕೆ ಹೋಳಿಗೆ ಮಾಡ್ಲಿ ಅಂತ.”

ಇಂಥ ಕಥೆ ಹೆಚ್ಚಾಗಿ ಕೆಡುವುದು ಇಬ್ಬರಿಗೂ ಗೊತ್ತಿರುವ ಸಂಗತಿಯನ್ನು ಓದುಗರಿಗಾಗಿ ಹೇಳಿಸಿದಾಗ. “ನಮ್ಮ ಅಜ್ಜಿಗೆ ಭಾನುವಾರ 80 ತುಂಬುತ್ತದೆ” ಎಂದು ಯಾವ ತಮ್ಮನೂ ಅಕ್ಕನಿಗೆ ಬರೆಯುವುದಿಲ್ಲ. ವಯಸ್ಸನ್ನು ಕ್ಯಾಂಡಲ್ ಹೇಳಲಿ. ನೀವು ಬರೆಯುವಾಗ ಅಂಥ ಸಾಲು ಕಂಡರೆ ಮೊದಲು ಅದನ್ನು ಹೊಡೆದುಹಾಕಿ.